ಅಗ್ಗದ ಯೆನ್, ದುಬಾರಿ ಸೋಮವಾರ

2024ರ ಜುಲೈ 31ರಂದು ಬ್ಯಾಂಕ್ ಆಫ್ ಜಪಾನ್ ತನ್ನ ಬಡ್ಡಿ ದರವನ್ನು ಶೇ 0.25ಕ್ಕೆ ಏರಿಸಿತು. ಅಲ್ಲಿಯವರೆಗೆ ಆ ದರ ಸೊನ್ನೆಗೂ ಶೇ 0.1ಕ್ಕೂ ನಡುವೆ ಇತ್ತು. ಏರಿಕೆ ಕಾಲು ಪರ್ಸೆಂಟೂ ಇಲ್ಲ. ಆದರೆ ಅದಾದ ಐದನೇ ದಿನ, ಆಗಸ್ಟ್ 5ರ ಸೋಮವಾರ, ಟೋಕಿಯೊ ಷೇರುಪೇಟೆಯ ನಿಕ್ಕಿ ಸೂಚ್ಯಂಕ 4,451 ಅಂಶ ಕುಸಿಯಿತು. ಅಂದರೆ ಶೇ 12.4. ಅಂಶಗಳ ಲೆಕ್ಕದಲ್ಲಿ ಆ ಸೂಚ್ಯಂಕದ ಇತಿಹಾಸದಲ್ಲೇ ಅಷ್ಟು ದೊಡ್ಡ ಕುಸಿತ ಒಂದೇ ದಿನದಲ್ಲಿ ಆಗಿರಲಿಲ್ಲ. ಶೇಕಡಾವಾರು ನೋಡಿದರೆ 1987ರ ಅಕ್ಟೋಬರ್ ನಂತರ ಇಂಥದ್ದು ಇದೇ ಮೊದಲು.

ಟೋಕಿಯೊ ಒಂದೇ ಬಿದ್ದಿದ್ದರೆ ಅದು ಜಪಾನಿನ ಸಮಸ್ಯೆ ಎಂದು ಬಿಡಬಹುದಿತ್ತು. ಅದೇ ದಿನ ದಕ್ಷಿಣ ಕೊರಿಯಾದ ಷೇರು ಸೂಚ್ಯಂಕ ಶೇ 9ರ ಹತ್ತಿರ ಇಳಿಯಿತು. ಮುಂಬೈಯಲ್ಲಿ ಸೆನ್ಸೆಕ್ಸ್ 2,222 ಅಂಶ ಕಳೆದುಕೊಂಡಿತು. ಜಪಾನಿಗೂ ತನಗೂ ನೇರ ವ್ಯವಹಾರ ಅಷ್ಟಾಗಿ ಇಲ್ಲದ ಮೆಕ್ಸಿಕೋದ ಪೆಸೊ ಕೂಡ ಮುಗ್ಗರಿಸಿತು. ಅಮೆರಿಕದ ದೊಡ್ಡ ತಂತ್ರಜ್ಞಾನ ಕಂಪನಿಗಳ ಷೇರುಗಳನ್ನು ಜನ ಸಿಕ್ಕ ಬೆಲೆಗೆ ಮಾರಿದರು. ಇವುಗಳಲ್ಲಿ ಬಹುಪಾಲನ್ನು ಒಂದಕ್ಕೊಂದು ಗಂಟು ಹಾಕಿದ್ದು ಕ್ಯಾರಿ ಟ್ರೇಡ್ ಎಂಬ ವ್ಯವಹಾರ. ಬಡ್ಡಿ ಕಡಿಮೆ ಇರುವ ದೇಶದ ಕರೆನ್ಸಿಯಲ್ಲಿ ಸಾಲ ಎತ್ತುವುದು, ಅದನ್ನು ಬಡ್ಡಿ ಹೆಚ್ಚಿರುವ ದೇಶದ ಕರೆನ್ಸಿಗೆ ಬದಲಾಯಿಸಿ ಅಲ್ಲಿ ಹೂಡುವುದು, ನಡುವಿನ ವ್ಯತ್ಯಾಸವನ್ನು ಜೇಬಿಗೆ ಹಾಕಿಕೊಳ್ಳುವುದು. ವ್ಯವಹಾರ ಇಷ್ಟೇ.

ಇದರ ಹತ್ತಿರದ ರೂಪವನ್ನು ನಮ್ಮ ಹಳ್ಳಿಗಳಲ್ಲೇ ನೋಡಿದ್ದೇವೆ. ಸಹಕಾರ ಸಂಘದಲ್ಲಿ ಸೊನ್ನೆ ಬಡ್ಡಿಗೆ ಬೆಳೆ ಸಾಲ ಎತ್ತಿ, ಆ ದುಡ್ಡನ್ನು ಬೆಳೆಗೆ ಹಾಕದೆ ಬ್ಯಾಂಕಿನಲ್ಲಿ ಠೇವಣಿ ಇಟ್ಟು, ವರ್ಷದ ಕೊನೆಗೆ ಅಸಲು ಕಟ್ಟಿ ಬಡ್ಡಿ ಉಳಿಸಿಕೊಳ್ಳುವವರಿದ್ದಾರೆ. ಅದು ಸರಿಯೇ ತಪ್ಪೇ ಎಂಬುದು ಬೇರೆ ಮಾತು, ಆದರೆ ಅದರಲ್ಲಿ ನಷ್ಟವಾಗುವ ದಾರಿ ಇಲ್ಲ. ಎತ್ತಿದ್ದೂ ರೂಪಾಯಿ, ಇಟ್ಟಿದ್ದೂ ರೂಪಾಯಿ, ತೀರಿಸುವುದೂ ರೂಪಾಯಿ. ಕ್ಯಾರಿ ಟ್ರೇಡಿನಲ್ಲಿ ಎತ್ತಿದ್ದು ಒಂದು ದುಡ್ಡು, ಇಟ್ಟಿದ್ದು ಇನ್ನೊಂದು ದುಡ್ಡು. ಇವೆರಡರ ವಿನಿಮಯ ದರ ಯಾರ ಕೈಯಲ್ಲೂ ಇಲ್ಲ. ಅಪಾಯವೆಲ್ಲ ಈ ಒಂದು ವ್ಯತ್ಯಾಸದಲ್ಲೇ ಇದೆ.

ಒಂದು ಲೆಕ್ಕ

2024ರ ಜುಲೈ ಮೊದಲ ವಾರದಲ್ಲಿ ಒಂದು ಡಾಲರಿಗೆ 161 ಯೆನ್‌ವರೆಗೂ ಸಿಗುತ್ತಿತ್ತು. ಲೆಕ್ಕಕ್ಕೆ ಸುಲಭವಾಗಲಿ ಎಂದು 160 ಎಂದಿಟ್ಟುಕೊಳ್ಳೋಣ. ಆಗ ಅಮೆರಿಕದ ಕೇಂದ್ರ ಬ್ಯಾಂಕಿನ ದರ ಶೇ 5.25ರಿಂದ 5.50ರ ನಡುವೆ ಇತ್ತು. ಅಮೆರಿಕ ಸರ್ಕಾರದ ಅಲ್ಪಾವಧಿ ಸಾಲಪತ್ರಕ್ಕೆ ಶೇ 5.3ರಷ್ಟು ಬಡ್ಡಿ ಬರುತ್ತಿತ್ತು. ಯೆನ್ ಸಾಲ ಅರ್ಧ ಪರ್ಸೆಂಟಿಗೆ ಸಿಕ್ಕಿತು ಎಂದುಕೊಳ್ಳಿ.

ಒಬ್ಬ ಹೂಡಿಕೆದಾರನ ಹತ್ತಿರ ಸ್ವಂತದ್ದು 1 ಲಕ್ಷ ಡಾಲರ್ ಇದೆ. ಅವನು 14 ಕೋಟಿ 40 ಲಕ್ಷ ಯೆನ್ ಸಾಲ ಎತ್ತುತ್ತಾನೆ. ಬದಲಾಯಿಸಿದರೆ 9 ಲಕ್ಷ ಡಾಲರ್. ತನ್ನದೂ ಸೇರಿ 10 ಲಕ್ಷ ಡಾಲರನ್ನು ಸಾಲಪತ್ರಗಳಲ್ಲಿ ಹಾಕುತ್ತಾನೆ. ವರ್ಷಕ್ಕೆ ಬರುವ ಬಡ್ಡಿ 53,000 ಡಾಲರ್, ಯೆನ್ ಸಾಲಕ್ಕೆ ಕಟ್ಟುವ ಬಡ್ಡಿ ಸುಮಾರು 4,500 ಡಾಲರ್. ಉಳಿಯುವುದು 48,500. ಸ್ವಂತ ಬಂಡವಾಳ 1 ಲಕ್ಷಕ್ಕೆ ವರ್ಷಕ್ಕೆ ಶೇ 48ಕ್ಕೂ ಮಿಕ್ಕಿದ ಲಾಭ, ಅದೂ ಜಗತ್ತಿನಲ್ಲೇ ಅತಿ ಭದ್ರ ಎನ್ನಿಸಿಕೊಂಡ ಸಾಲಪತ್ರದಿಂದ. ಯೆನ್ ಇನ್ನಷ್ಟು ದುರ್ಬಲವಾದರೆ ಸಾಲದ ಹೊರೆಯೂ ಇಳಿದು ಲಾಭ ಇನ್ನೂ ಹೆಚ್ಚು. 2021ರ ಆರಂಭದಿಂದ 2024ರ ಮಧ್ಯದವರೆಗೆ ಆದದ್ದು ಅದೇ. ಡಾಲರಿಗೆ 103ರ ಆಸುಪಾಸಿನಲ್ಲಿದ್ದ ಯೆನ್ 160 ದಾಟಿತ್ತು. ಈ ಮೂರೂವರೆ ವರ್ಷ ಯೆನ್ ಸಾಲ ಎತ್ತಿದವರಿಗೆ ಬಡ್ಡಿಯ ಲಾಭ ಒಂದು, ವಿನಿಮಯದ ಲಾಭ ಇನ್ನೊಂದು.

ಈಗ ಇದೇ ಲೆಕ್ಕವನ್ನು ಉಲ್ಟಾ ಓಡಿಸಿ ನೋಡಿ. ಆಗಸ್ಟ್ 5ರಂದು ಒಂದು ಡಾಲರಿಗೆ ಸಿಕ್ಕಿದ್ದು 142 ಯೆನ್ ಮಾತ್ರ, ಅಂದರೆ ಯೆನ್ ಬಲವಾಗಿತ್ತು. ಸಾಲ ಯೆನ್ ಲೆಕ್ಕದಲ್ಲಿ ಒಂದು ಪೈಸೆಯೂ ಬೆಳೆದಿಲ್ಲ, ಅದೇ 14 ಕೋಟಿ 40 ಲಕ್ಷ. ಆದರೆ ಅದನ್ನು ತೀರಿಸಲು ಈಗ 10 ಲಕ್ಷ 14 ಸಾವಿರ ಡಾಲರ್ ಬೇಕು. ಕೈಯಲ್ಲಿರುವುದು 10 ಲಕ್ಷ, ಜೊತೆಗೆ ಒಂದು ತಿಂಗಳ ಬಡ್ಡಿ ನಾಲ್ಕು ಸಾವಿರ ಚಿಲ್ಲರೆ. ಸ್ವಂತದ 1 ಲಕ್ಷ ಡಾಲರ್ ಪೂರ್ತಿ ಹೋಗಿ, ಮೇಲೆ ಇನ್ನೂ ಹತ್ತು ಸಾವಿರದಷ್ಟು ಸಾಲ ಉಳಿಯಿತು. ಅಮೆರಿಕ ಸರ್ಕಾರ ಒಂದು ಡಾಲರನ್ನೂ ಮುಳುಗಿಸಿಲ್ಲ, ಬಡ್ಡಿ ಹೇಳಿದಂತೆಯೇ ಬಂದಿದೆ. ಆದರೂ ಒಂದೇ ತಿಂಗಳಲ್ಲಿ ಮನುಷ್ಯ ದಿವಾಳಿ.

ಹಾಗಾದರೆ ವಿನಿಮಯ ದರವನ್ನು ಮೊದಲೇ ನಿಗದಿ ಮಾಡಿಕೊಂಡುಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ಯಾಕೆಂದರೆ ಇದರ ಉತ್ತರದಲ್ಲೇ ಕ್ಯಾರಿ ಟ್ರೇಡಿನ ಸ್ವರೂಪ ತಿಳಿಯುತ್ತದೆ. ಒಂದು ವರ್ಷದ ನಂತರ ಇಂತಿಷ್ಟು ದರಕ್ಕೆ ಯೆನ್ ಕೊಳ್ಳುತ್ತೇನೆ ಎಂದು ಬ್ಯಾಂಕಿನ ಜೊತೆ ಇವತ್ತೇ ಕರಾರು ಮಾಡಿಕೊಳ್ಳಬಹುದು. ಇದಕ್ಕೆ ಫಾರ್ವರ್ಡ್ ಎನ್ನುತ್ತಾರೆ. ಆದರೆ ಬ್ಯಾಂಕು 160ರ ದರ ಕೊಡುವುದಿಲ್ಲ. ಎರಡು ದೇಶಗಳ ಬಡ್ಡಿ ವ್ಯತ್ಯಾಸವನ್ನು ಕಳೆದು ಸುಮಾರು 152.7ರ ದರ ಕೊಡುತ್ತದೆ. ಆ ದರದಲ್ಲಿ ಸಾಲ ತೀರಿಸಿದರೆ ಬಡ್ಡಿಯಲ್ಲಿ ಗಳಿಸಿದ್ದೆಲ್ಲ ವಿನಿಮಯದಲ್ಲಿ ಹೋಗುತ್ತದೆ, ಲಾಭ ಸೊನ್ನೆ. ಹಾಗಾಗಿ ಅಪಾಯದಿಂದ ರಕ್ಷಣೆ ಪಡೆದ ಕೂಡಲೇ ಲಾಭವೂ ಮುಗಿಯುತ್ತದೆ. ಲಾಭ ಉಳಿಯಬೇಕಾದರೆ ಬೆನ್ನು ಬಯಲಿಗಿಟ್ಟೇ ಕೂರಬೇಕು.

ಆದ್ದರಿಂದ ಕ್ಯಾರಿ ಟ್ರೇಡಿನ ಗಳಿಕೆಯನ್ನು ಬಡ್ಡಿ ಎಂದು ಕರೆಯುವುದೇ ತಪ್ಪು ಎಂದು ನನಗನ್ನಿಸುತ್ತದೆ. ವಿಮಾ ಕಂಪನಿ ವರ್ಷವಿಡೀ ಪ್ರೀಮಿಯಂ ಪಡೆಯುತ್ತಿರುತ್ತದೆ, ಅನಾಹುತ ಆದ ದಿನ ಒಟ್ಟಿಗೆ ಕೊಡುತ್ತದೆ. ಕ್ಯಾರಿ ಟ್ರೇಡಿನವನು ಮಾಡುತ್ತಿರುವುದೂ ಅದನ್ನೇ. ಯೆನ್ ದಿಢೀರ್ ಏರುವ ಅಪಾಯವನ್ನು ತಾನು ಹೊತ್ತು ಅದಕ್ಕೆ ತಿಂಗಳು ತಿಂಗಳು ಸಂಭಾವನೆ ಪಡೆಯುತ್ತಿದ್ದಾನೆ. ವಿಮಾ ಕಂಪನಿ ಆ ದಿನಕ್ಕೆಂದು ನಿಧಿ ಕಟ್ಟಿಟ್ಟಿರುತ್ತದೆ. ಇವನು ಸಾಲದ ಮೇಲೆ ಸಾಲ ಎತ್ತಿರುತ್ತಾನೆ.

ಯಾರ ಸಾಲ, ಎಷ್ಟು ಸಾಲ

ಜಪಾನಿನಲ್ಲಿ ಬಡ್ಡಿ ಸೊನ್ನೆಗೆ ಇಳಿದದ್ದು 1999ರಲ್ಲಿ. 2016ರಲ್ಲಿ ಸೊನ್ನೆಗಿಂತಲೂ ಕೆಳಗೆ ಹೋಗಿ, 2024ರ ಮಾರ್ಚ್‌ವರೆಗೆ ಅಲ್ಲೇ ಇತ್ತು. ಕಾಲು ಶತಮಾನ ಜಗತ್ತಿಗೆ ಅಗ್ಗದ ಸಾಲದ ಅಂಗಡಿಯಾಗಿದ್ದ ದೇಶ ಅದು. ದೊಡ್ಡ ಹೆಡ್ಜ್ ಫಂಡುಗಳು, ಬ್ಯಾಂಕುಗಳ ವಹಿವಾಟು ವಿಭಾಗಗಳು ಯೆನ್ ಸಾಲ ಎತ್ತಿ ಡಾಲರ್, ಪೆಸೊ, ಷೇರು, ಹೀಗೆ ಎಲ್ಲದರಲ್ಲೂ ಹೂಡಿದವು. ಜಪಾನಿನ ಸಾಮಾನ್ಯ ಕುಟುಂಬಗಳೂ ಹಿಂದೆ ಬೀಳಲಿಲ್ಲ. ಮನೆಯ ಉಳಿತಾಯಕ್ಕೆ ಬಡ್ಡಿಯೇ ಇಲ್ಲದ ಮೇಲೆ ಗೃಹಿಣಿಯರು, ನಿವೃತ್ತರು ಕಂಪ್ಯೂಟರ್ ಮುಂದೆ ಕುಳಿತು ವಿದೇಶಿ ಕರೆನ್ಸಿಯಲ್ಲಿ ವ್ಯವಹಾರ ಶುರು ಮಾಡಿದರು. ಇವರಿಗೆಲ್ಲ ಒಟ್ಟಾಗಿ ಪತ್ರಿಕೆಗಳು ಕೊಟ್ಟ ಹೆಸರು ಮಿಸೆಸ್ ವಟನಬೆ. ಇಂಥವರು ಎತ್ತುವ ಸಾಲ ಮಿತಿಮೀರಿದಾಗ ಜಪಾನ್ ಸರ್ಕಾರ 2011ರಿಂದ ಅದನ್ನು ಸ್ವಂತ ಹಣದ 25 ಪಟ್ಟಿಗೆ ಸೀಮಿತಗೊಳಿಸಿತು. ಸೀಮಿತಗೊಳಿಸಿದ ಮೇಲೆಯೇ 25 ಪಟ್ಟು ಎಂಬುದನ್ನು ಗಮನಿಸಿ.

ಒಟ್ಟು ಎಷ್ಟು ಹಣ ಹೀಗೆ ಹೂಡಿಕೆಯಾಗಿತ್ತು ಎಂಬುದರ ಸರಿಯಾದ ಲೆಕ್ಕ ಯಾವ ಸರ್ಕಾರದ ಬಳಿಯೂ ಇಲ್ಲ. ಕೇಂದ್ರ ಬ್ಯಾಂಕುಗಳ ಬ್ಯಾಂಕು ಎನ್ನಿಸಿದ ಬಾಸೆಲ್‌ನ ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕು ಆ ತಿಂಗಳೇ ಒಂದು ಅಂದಾಜು ಕೊಟ್ಟಿತು: ಸುಮಾರು 40 ಲಕ್ಷ ಕೋಟಿ ಯೆನ್, ಅಂದರೆ 25,000 ಕೋಟಿ ಡಾಲರ್. ಜೊತೆಗೆ ಇದು ಒರಟು ಲೆಕ್ಕ ಎಂದೂ ಹೇಳಿತು. ಯಾಕೆಂದರೆ ಈ ಸಾಲದ ಬಹುಪಾಲು ಬ್ಯಾಂಕಿನ ಸಾಲದ ಪುಸ್ತಕದಲ್ಲಿ ಸಾಲ ಎಂದು ಕಾಣಿಸುವುದೇ ಇಲ್ಲ. ಕರೆನ್ಸಿ ಅದಲುಬದಲಿನ ಕರಾರುಗಳ ರೂಪದಲ್ಲಿ ಇರುತ್ತದೆ.

ಐದು ದಿನ

ಜುಲೈ ತಿಂಗಳಲ್ಲೇ ನೆಲ ಸಡಿಲವಾಗತೊಡಗಿತ್ತು. ಯೆನ್ ಮೂವತ್ತೆಂಟು ವರ್ಷಗಳಲ್ಲೇ ಅತಿ ದುರ್ಬಲ ಮಟ್ಟಕ್ಕೆ ಇಳಿದಿದ್ದರಿಂದ ಆಮದಾಗುವ ಆಹಾರ, ಇಂಧನ ಎಲ್ಲ ತುಟ್ಟಿಯಾಗಿ ಜಪಾನಿನ ಜನ ಬೇಸತ್ತಿದ್ದರು. ಸರ್ಕಾರ ಆ ತಿಂಗಳು ತನ್ನ ಬೊಕ್ಕಸದ ಡಾಲರ್ ಮಾರಿ 5.5 ಲಕ್ಷ ಕೋಟಿ ಯೆನ್ ಕೊಂಡುಕೊಂಡಿತು. ತಿಂಗಳ ಕೊನೆಗೆ ಡಾಲರಿಗೆ 153 ಯೆನ್ ಆಗಿತ್ತು. ನಮ್ಮ ಲೆಕ್ಕದ ಮನುಷ್ಯನಿಗೆ ಆ ಹೊತ್ತಿಗೇ ಬಂಡವಾಳದ ಮೂರನೇ ಒಂದು ಭಾಗಕ್ಕೂ ಹೆಚ್ಚು ಕರಗಿತ್ತು, ಆದರೂ ಕಾಯೋಣ ಎನ್ನುವಷ್ಟು ಧೈರ್ಯ ಉಳಿದಿತ್ತು.

ಜುಲೈ 31ರ ಬುಧವಾರ ಎರಡು ಸುದ್ದಿಗಳು ಒಟ್ಟಿಗೆ ಬಂದವು. ಬ್ಯಾಂಕ್ ಆಫ್ ಜಪಾನ್ ದರ ಏರಿಸಿತಲ್ಲದೆ, ಗವರ್ನರ್ ಕಜುವೊ ಉಯೆಡ ಅವರು ಶೇ 0.5 ಎಂಬುದನ್ನೇ ಮೇಲಿನ ಮಿತಿ ಎಂದು ತಾವು ಭಾವಿಸಿಲ್ಲ ಎಂಬ ಸೂಚನೆ ಕೊಟ್ಟರು. ಅದೇ ದಿನ ಅಮೆರಿಕದಲ್ಲಿ ಜೆರೋಮ್ ಪೊವೆಲ್ ಅವರು ಸೆಪ್ಟೆಂಬರ್‌ನಲ್ಲಿ ಬಡ್ಡಿ ಇಳಿಸುವ ಸಾಧ್ಯತೆ ಇದೆ ಎಂದರು. ಸಾಲದ ಬಡ್ಡಿ ಏರುತ್ತದೆ, ಹೂಡಿಕೆಯ ಬಡ್ಡಿ ಇಳಿಯುತ್ತದೆ. ಎರಡೂ ಕಡೆಯಿಂದ ಕತ್ತರಿ ಬಿತ್ತು. ಯೆನ್ 150ಕ್ಕೆ ಬಂತು.

150ರಲ್ಲಿ ನಮ್ಮವನ ಸಾಲ 9 ಲಕ್ಷ 60 ಸಾವಿರ ಡಾಲರ್. ಬಡ್ಡಿ ಸೇರಿಸಿದರೂ ಅವನ ಸ್ವಂತದ್ದು ಉಳಿದಿರುವುದು 44 ಸಾವಿರ. ಒಟ್ಟು ಹೂಡಿಕೆಯ ಶೇ 5ರಷ್ಟಾದರೂ ಸ್ವಂತ ಹಣ ಇರಲೇಬೇಕು ಎಂಬುದು ಬ್ರೋಕರಿನ ಷರತ್ತು ಎಂದುಕೊಳ್ಳಿ, ಅಂದರೆ 50 ಸಾವಿರ. ಅವನಿಗೆ ಫೋನ್ ಬರುತ್ತದೆ: ಇಷ್ಟು ಹೊತ್ತಿನೊಳಗೆ ಇನ್ನಷ್ಟು ಹಣ ತುಂಬಿ, ಇಲ್ಲವಾದರೆ ನಾವೇ ಮಾರುತ್ತೇವೆ. ಇದೇ ಮಾರ್ಜಿನ್ ಕಾಲ್. ಹಣ ಇದ್ದವನು ತುಂಬುತ್ತಾನೆ. ಇಲ್ಲದವನು ಸಾಲಪತ್ರ ಅಥವಾ ಷೇರು ಮಾರಿ, ಬಂದ ಡಾಲರನ್ನು ಕೊಟ್ಟು ಯೆನ್ ಕೊಂಡು ಸಾಲ ತೀರಿಸುತ್ತಾನೆ.

ಇಡೀ ಕಥೆಯ ತಿರುಳು ಇಲ್ಲಿದೆ. ಸಾಲ ತೀರಿಸಲು ಅವನು ಯೆನ್ ಕೊಳ್ಳಬೇಕು. ಅವನು ಕೊಂಡರೆ ಯೆನ್ ಇನ್ನೂ ಮೇಲೇರುತ್ತದೆ. ಏರಿದರೆ ಅವನಿಗಿಂತ ಕಡಿಮೆ ಸಾಲ ಎತ್ತಿ ನಿರಾಳವಾಗಿದ್ದ ಪಕ್ಕದವನಿಗೂ ಫೋನ್ ಬರುತ್ತದೆ. ಅವನೂ ಯೆನ್ ಕೊಳ್ಳುತ್ತಾನೆ. ಬೆಲೆ ಏರಿದಂತೆ ಕೊಳ್ಳುವವರು ಕಡಿಮೆಯಾಗಬೇಕು ಎಂಬುದು ಸಂತೆಯ ನಿಯಮ. ಇಲ್ಲಿ ಬೆಲೆ ಏರಿದಷ್ಟೂ ಕೊಳ್ಳಲೇಬೇಕಾದವರು ಹೆಚ್ಚುತ್ತಾರೆ. ಹೂಡಿಕೆ ಹಿಗ್ಗುವಾಗ ವರ್ಷಗಳು ಹಿಡಿದದ್ದು ಕುಗ್ಗುವಾಗ ದಿನಗಳಲ್ಲಿ ಮುಗಿಯುವುದು ಈ ಕಾರಣಕ್ಕೆ. ಹಿಗ್ಗಿಸುವಾಗ ಪ್ರತಿಯೊಬ್ಬನೂ ತನಗೆ ಬೇಕಾದಾಗ ಬಂದು ಸೇರುತ್ತಾನೆ, ಕುಗ್ಗುವಾಗ ಯಾರಿಗೂ ಆಯ್ಕೆ ಇರುವುದಿಲ್ಲ.

ಆಗಸ್ಟ್ 2ರ ಶುಕ್ರವಾರ ಅಮೆರಿಕದ ಉದ್ಯೋಗದ ವರದಿ ಬಂತು. ಜುಲೈಯಲ್ಲಿ ಸೇರ್ಪಡೆಯಾದ ಹೊಸ ಉದ್ಯೋಗ 1 ಲಕ್ಷ 14 ಸಾವಿರ, ನಿರುದ್ಯೋಗ ಶೇ 4.3. ಎರಡೂ ನಿರೀಕ್ಷೆಗಿಂತ ಕೆಟ್ಟವು. ಅಮೆರಿಕ ಹಿಂಜರಿತಕ್ಕೆ ಜಾರುತ್ತಿದೆ, ಬಡ್ಡಿ ಬೇಗನೆ ಇಳಿಯುತ್ತದೆ ಎಂಬ ಭಯ ಹರಡಿತು. ವಾರ ಮುಗಿದಾಗ ಯೆನ್ 146.5. ಸೋಮವಾರದ ಕುಸಿತಕ್ಕೆ ಜಪಾನಿನ ದರವೊಂದೇ ಕಾರಣ ಎನ್ನುವುದು ಸರಿಯಲ್ಲ, ಈ ವರದಿಯ ಪಾಲೂ ಸಾಕಷ್ಟಿದೆ. ಆದರೆ ಆ ಸುದ್ದಿಯನ್ನು ಅಷ್ಟು ದೊಡ್ಡ ಆಘಾತವಾಗಿ ಹಿಗ್ಗಿಸಿದ್ದು ಸಾಲ ಮಾಡಿ ಕಟ್ಟಿದ ಹೂಡಿಕೆ.

ಶನಿವಾರ, ಭಾನುವಾರ ಪೇಟೆ ಮುಚ್ಚಿತ್ತು. ಸೋಮವಾರ ಮೊದಲು ತೆರೆದದ್ದು ಏಷ್ಯಾ. ಬಲವಾದ ಯೆನ್ ಎಂದರೆ ಜಪಾನಿನ ರಫ್ತು ಕಂಪನಿಗಳಿಗೆ ಹೊರಗಿನಿಂದ ಬರುವ ಆದಾಯ ಕಡಿಮೆ, ಆದ್ದರಿಂದ ಷೇರು ಮಾರಾಟ. ಅದರ ಮೇಲೆ ಮಾರ್ಜಿನ್ ತುಂಬಲಾಗದವರ ಬಲವಂತದ ಮಾರಾಟ. ಅಂಥವರು ಕೆಟ್ಟ ಷೇರನ್ನು ಆರಿಸಿ ಮಾರುವುದಿಲ್ಲ, ಯಾವುದು ತಕ್ಷಣ ಮಾರಾಟವಾಗುತ್ತದೋ ಅದನ್ನು ಮಾರುತ್ತಾರೆ. ಜಪಾನಿನ ಬಡ್ಡಿಗೆ ಯಾವ ಸಂಬಂಧವೂ ಇಲ್ಲದ ಕೊರಿಯಾದ, ಭಾರತದ ಒಳ್ಳೆಯ ಕಂಪನಿಗಳ ಷೇರೂ ಬಿದ್ದದ್ದು ಹೀಗೆ. ಅಂದು ಯೆನ್ 142ರ ಕೆಳಗೂ ಹೋಗಿ ಬಂತು.

ಮರುದಿನವೇ ನಿಕ್ಕಿ ಶೇ 10ಕ್ಕೂ ಹೆಚ್ಚು ಏರಿತು. ಬುಧವಾರ ಬ್ಯಾಂಕ್ ಆಫ್ ಜಪಾನಿನ ಡೆಪ್ಯುಟಿ ಗವರ್ನರ್ ಶಿನಿಚಿ ಉಚಿಡ ಅವರು ಹಕೊಡಾಟೆಯಲ್ಲಿ ಮಾತನಾಡುತ್ತ, ಪೇಟೆ ಅಸ್ಥಿರವಾಗಿರುವಾಗ ಬಡ್ಡಿ ಏರಿಸುವುದಿಲ್ಲ ಎಂದರು. ಯೆನ್ ಮತ್ತೆ ಇಳಿಯಿತು, ಜಗತ್ತು ಉಸಿರು ಬಿಟ್ಟಿತು. ಮುಂದೆ 2025ರ ಜನವರಿಯಲ್ಲಿ ಅದೇ ಬ್ಯಾಂಕು ದರವನ್ನು ಶೇ 0.5ಕ್ಕೆ ಏರಿಸಿದಾಗ ಅಂಥದ್ದೇನೂ ಆಗಲಿಲ್ಲ. ಏರಿಕೆ ಈ ಸಲ ಇನ್ನೂ ದೊಡ್ಡದಿತ್ತು. ಆದರೆ ಸುಳಿವು ಮೊದಲೇ ಕೊಟ್ಟಿದ್ದರು, ಸಾಲದ ಗೋಪುರವೂ ಅಷ್ಟೆತ್ತರ ಇರಲಿಲ್ಲ. ಅಪಾಯವನ್ನು ಅಳೆಯುವಾಗ ಬಡ್ಡಿ ಎಷ್ಟು ಏರಿತು ಎಂಬುದಕ್ಕಿಂತ ಎಷ್ಟು ಜನ ಒಂದೇ ಕಡೆ ವಾಲಿ ನಿಂತಿದ್ದರು ಎಂಬುದನ್ನು ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಆ ವಾಲುವಿಕೆಯನ್ನು ಹೊರಗಿನವರೂ ಸ್ವಲ್ಪಮಟ್ಟಿಗೆ ಕಾಣಬಹುದು. ಅಮೆರಿಕದ ಫ್ಯೂಚರ್ಸ್ ಪೇಟೆಯ ನಿಯಂತ್ರಕರು ಪ್ರತಿ ಶುಕ್ರವಾರ ಒಂದು ಪಟ್ಟಿ ಹೊರಡಿಸುತ್ತಾರೆ. ಸಟ್ಟಾ ವ್ಯವಹಾರದವರು ಯಾವ ಕರೆನ್ಸಿ ಏರುತ್ತದೆ, ಯಾವುದು ಬೀಳುತ್ತದೆ ಎಂದು ಪಣ ಕಟ್ಟಿದ್ದಾರೆ ಎಂಬುದು ಅದರಲ್ಲಿ ಇರುತ್ತದೆ. 2024ರ ಜುಲೈ ಆರಂಭದಲ್ಲಿ ಯೆನ್ ಬೀಳುತ್ತದೆ ಎಂದು ಕಟ್ಟಿದ್ದ ನಿವ್ವಳ ಪಣ 1 ಲಕ್ಷ 80 ಸಾವಿರ ಕರಾರುಗಳನ್ನು ದಾಟಿತ್ತು. ಒಂದೊಂದು ಕರಾರೂ 1 ಕೋಟಿ 25 ಲಕ್ಷ ಯೆನ್‌ನದು. ಆಗಸ್ಟ್ ಮಧ್ಯದ ಹೊತ್ತಿಗೆ ಅದೆಲ್ಲ ಕರಗಿ, ನಿವ್ವಳ ಪಣ ಯೆನ್ ಏರುತ್ತದೆ ಎಂಬ ಕಡೆಗೆ ತಿರುಗಿತ್ತು. ಈ ಪಟ್ಟಿ ಕುಸಿತದ ದಿನಾಂಕ ಹೇಳುವುದಿಲ್ಲ. ದೋಣಿಯಲ್ಲಿ ಎಲ್ಲರೂ ಒಂದೇ ಬದಿಗೆ ಕೂತಿದ್ದಾರೆಯೇ ಎಂಬುದನ್ನಷ್ಟೇ ಹೇಳುತ್ತದೆ.

ಸರಿ ಇದ್ದೂ ಸೋತವರು

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆಮೇಲೆ ಆದದ್ದು. 2024ರ ಡಿಸೆಂಬರ್ ಕೊನೆಗೆ ಯೆನ್ ಮತ್ತೆ ದುರ್ಬಲವಾಗಿ ಡಾಲರಿಗೆ 157ರ ಆಸುಪಾಸಿಗೆ ಬಂದಿತ್ತು. ಯೆನ್ ಅಗ್ಗವಾಗಿಯೇ ಇರುತ್ತದೆ ಎಂಬ ನಮ್ಮವನ ಊಹೆ ಸುಳ್ಳಾಗಿರಲಿಲ್ಲ. ಆದರೆ ಅದನ್ನು ನೋಡಲು ಅವನು ಪೇಟೆಯಲ್ಲಿ ಉಳಿದಿರಲಿಲ್ಲ.

ಅವನೇ 1 ಲಕ್ಷ ಡಾಲರಿಗೆ 9 ಲಕ್ಷದ ಬದಲು 1 ಲಕ್ಷ ಮಾತ್ರ ಸಾಲ ಎತ್ತಿದ್ದರೆ ಏನಾಗುತ್ತಿತ್ತು? ಸಾಲ 1 ಕೋಟಿ 60 ಲಕ್ಷ ಯೆನ್. 142ರ ದರದಲ್ಲಿ ಅದು 1 ಲಕ್ಷ 13 ಸಾವಿರ ಡಾಲರ್ ಆಗುತ್ತಿತ್ತು. ಕೈಯಲ್ಲಿ 2 ಲಕ್ಷ ಇದೆ. ತಿಂಗಳ ಬಡ್ಡಿ ಸೇರಿಸಿದರೆ ಸ್ವಂತದ್ದು 88 ಸಾವಿರಕ್ಕೆ ಇಳಿಯುತ್ತಿತ್ತು. ಆಗಸ್ಟ್ 5 ಕೆಟ್ಟ ದಿನ ಎನಿಸುತ್ತಿತ್ತೇ ಹೊರತು ಯಾರೂ ಫೋನ್ ಮಾಡುತ್ತಿರಲಿಲ್ಲ. ವರ್ಷದ ಕೊನೆಗೆ ಕಳೆದದ್ದೆಲ್ಲ ವಾಪಸು ಬಂದಿರುತ್ತಿತ್ತು. ಒಂದೇ ಊಹೆ, ಒಂದೇ ಪೇಟೆ, ಒಂದೇ ದಿನ. ಒಬ್ಬ ಉಳಿದ, ಇನ್ನೊಬ್ಬ ಮುಳುಗಿದ. ವ್ಯತ್ಯಾಸ ಸಾಲದ ಪ್ರಮಾಣದಲ್ಲಿ ಮಾತ್ರ.

ಇದು ಹೊಸ ರೋಗವೂ ಅಲ್ಲ. 1998ರಲ್ಲಿ ರಷ್ಯಾ ಸಾಲ ಕಟ್ಟಲಾಗದೆ ಕೈಚೆಲ್ಲಿದ ಮೇಲೆ, ಆ ಅಕ್ಟೋಬರಿನಲ್ಲಿ ಯೆನ್ ಎರಡು ಮೂರು ದಿನಗಳಲ್ಲಿ 130ರ ಆಸುಪಾಸಿನಿಂದ 115ಕ್ಕೂ ಕೆಳಗೆ ಹಾರಿತ್ತು. 2008ರ ಬಿಕ್ಕಟ್ಟಿನಲ್ಲೂ ಹಾಗೆಯೇ ಆಯಿತು. ಆದರೆ ಹೆಡ್ಜ್ ಫಂಡುಗಳಿಗಿಂತ ನನಗೆ ಹಂಗೇರಿಯ ಕಥೆ ಹೆಚ್ಚು ನೋವಿನದು. ಅಲ್ಲಿ ಈ ವ್ಯವಹಾರಕ್ಕೆ ಇಳಿದವರು ಮನೆ ಕಟ್ಟಲು ಹೊರಟ ಸಾಧಾರಣ ಸಂಸಾರಸ್ಥರು. 2008ಕ್ಕೆ ಮುಂಚಿನ ವರ್ಷಗಳಲ್ಲಿ ಹಂಗೇರಿಯ ಫೊರಿಂಟ್ ಸಾಲಕ್ಕೆ ಬಡ್ಡಿ ವಿಪರೀತ, ಸ್ವಿಸ್ ಫ್ರಾಂಕ್ ಸಾಲಕ್ಕೆ ಬಹಳ ಕಡಿಮೆ. ಬ್ಯಾಂಕುಗಳು ಫ್ರಾಂಕ್ ಲೆಕ್ಕದ ಗೃಹಸಾಲವನ್ನು ಮನೆಮನೆಗೆ ಮಾರಿದವು. ಸಂಬಳ ಫೊರಿಂಟ್‌ನಲ್ಲಿ, ಸಾಲ ಫ್ರಾಂಕ್‌ನಲ್ಲಿ. 2008ರ ಬೇಸಿಗೆಯಲ್ಲಿ ಒಂದು ಫ್ರಾಂಕಿಗೆ 150 ಫೊರಿಂಟ್ ಕೂಡ ಇರಲಿಲ್ಲ. 2014ರ ಕೊನೆಗೆ ಸರ್ಕಾರ ಈ ಸಾಲಗಳನ್ನೆಲ್ಲ ಕಾನೂನು ಮಾಡಿ ಫೊರಿಂಟ್‌ಗೆ ಬದಲಾಯಿಸಿದಾಗ ನಿಗದಿಯಾದ ದರ 256. ಕಂತು ತಪ್ಪದೆ ಕಟ್ಟುತ್ತ ಬಂದವರಿಗೂ ಬಾಕಿ ಸಾಲ ಎತ್ತಿದ ದಿನಕ್ಕಿಂತ ದೊಡ್ಡದಾಗಿ ಕಂಡದ್ದುಂಟು. ಆದರೂ ಅವರು ಒಂದು ಲೆಕ್ಕದಲ್ಲಿ ಬಚಾವಾದರು. 2015ರ ಜನವರಿ 15ರಂದು ಸ್ವಿಸ್ ಕೇಂದ್ರ ಬ್ಯಾಂಕು ಫ್ರಾಂಕಿಗೆ ಹಾಕಿದ್ದ ಅಂಕುಶವನ್ನು ಮುನ್ಸೂಚನೆ ಇಲ್ಲದೆ ತೆಗೆದುಹಾಕಿತು, ಫ್ರಾಂಕ್ ಕೆಲವೇ ನಿಮಿಷಗಳಲ್ಲಿ ಆಕಾಶಕ್ಕೇರಿತು. ಅಂಥದ್ದೇ ಸಾಲ ಹೊತ್ತಿದ್ದ ಪೋಲೆಂಡಿನ ಕುಟುಂಬಗಳಿಗೆ ಆ ರಕ್ಷಣೆ ಇರಲಿಲ್ಲ.

ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ

ನಮ್ಮಲ್ಲಿ ಕುಳಿತವರು ಯೆನ್ ಸಾಲ ಎತ್ತುವುದು ಸುಲಭವಲ್ಲ, ನಿಯಮಗಳು ಬಿಡುವುದಿಲ್ಲ. ಆದರೆ ಕೊಲ್ಲಿ ದೇಶಗಳಲ್ಲಿ ದುಡಿಯುವ ಕನ್ನಡಿಗರಿಗೆ ಈ ಬಾಗಿಲು ತೆರೆದೇ ಇದೆ. ದುಬೈಯಲ್ಲಿ ಸಂಬಳದ ಮೇಲೆ ದಿರ್ಹಮ್ ಸಾಲ ಎತ್ತಿ, ಊರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ರೂಪಾಯಿ ಠೇವಣಿ ಇಡುವುದು ಅಪ್ಪಟ ಕ್ಯಾರಿ ಟ್ರೇಡ್. ದಿರ್ಹಮ್ ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿದ ಕರೆನ್ಸಿ, ಆದ್ದರಿಂದ ದಿರ್ಹಮ್ ಸಾಲ ಎಂದರೆ ಡಾಲರ್ ಸಾಲವೇ.

2013ರ ಮೇ ತಿಂಗಳ ಆರಂಭದಲ್ಲಿ ಡಾಲರಿಗೆ 54 ರೂಪಾಯಿ, ದಿರ್ಹಮ್‌ಗೆ 14 ರೂಪಾಯಿ 70 ಪೈಸೆ. ಎನ್‌ಆರ್‌ಇ ಠೇವಣಿಗೆ ಆಗ ಶೇ 9ರ ಹತ್ತಿರ ಬಡ್ಡಿ ಸಿಗುತ್ತಿತ್ತು. ಒಬ್ಬರು ಶೇ 5ರ ಬಡ್ಡಿಗೆ 1 ಲಕ್ಷ ದಿರ್ಹಮ್ ಎತ್ತಿ, 14 ಲಕ್ಷ 70 ಸಾವಿರ ರೂಪಾಯಿ ಠೇವಣಿ ಇಟ್ಟರು ಎಂದುಕೊಳ್ಳಿ. ಕಾಗದದ ಮೇಲೆ ಶೇ 4ರ ಲಾಭ. ಆ ತಿಂಗಳೇ ಅಮೆರಿಕದ ಕೇಂದ್ರ ಬ್ಯಾಂಕು ಪೇಟೆಗೆ ಹಣ ಸುರಿಯುವುದನ್ನು ಕಡಿಮೆ ಮಾಡುವ ಸೂಚನೆ ಕೊಟ್ಟಿತು. ಆಗಸ್ಟ್ 28ರಂದು ರೂಪಾಯಿ ಡಾಲರಿಗೆ 68ರ ಗಡಿ ದಾಟಿತು. ಅವತ್ತು ಆ ಠೇವಣಿಯ ಅಸಲಿನ ಬೆಲೆ 79 ಸಾವಿರ ದಿರ್ಹಮ್‌ಗೂ ಕಡಿಮೆ.

ವರ್ಷ ಪೂರ್ತಿ ಕಾದಿದ್ದರೆ ರೂಪಾಯಿ ಸಾಕಷ್ಟು ಚೇತರಿಸಿ ಡಾಲರಿಗೆ 60ರ ಆಸುಪಾಸಿಗೆ ಬಂದಿತ್ತು. ಠೇವಣಿ ಬಡ್ಡಿ ಸೇರಿ 16 ಲಕ್ಷ ರೂಪಾಯಿ ಆಗಿರುತ್ತಿತ್ತು, ದಿರ್ಹಮ್‌ನಲ್ಲಿ ಸುಮಾರು 98 ಸಾವಿರ. ಸಾಲ ಬಡ್ಡಿ ಸೇರಿ 1 ಲಕ್ಷ 5 ಸಾವಿರ. ಏಳು ಸಾವಿರ ದಿರ್ಹಮ್ ಕೈಯಿಂದ ಹೋಯಿತು. ಸಂಬಳ ಬರುತ್ತಿರುವವರಿಗೆ ಇದು ತಡೆಯಬಹುದಾದ ನಷ್ಟ. ಅದೇ ವರ್ಷ ಕೆಲಸ ಹೋಗಿ, ಬ್ಯಾಂಕು ಸಾಲವನ್ನು ಒಟ್ಟಿಗೆ ಕಟ್ಟಿ ಎಂದು ಕೂತಿದ್ದರೆ, ಆಗಸ್ಟ್ 28ರ ದರದಲ್ಲೇ ಠೇವಣಿ ಮುರಿಯಬೇಕಾಗುತ್ತಿತ್ತು. ಕೊಲ್ಲಿಯಲ್ಲಿ ಕೆಲಸ ಹೋಗುವ ಕಾಲವೂ ರೂಪಾಯಿ ಬೀಳುವ ಕಾಲವೂ ಒಟ್ಟಿಗೇ ಬರುವುದು ಅಪರೂಪವಲ್ಲ, ಎರಡಕ್ಕೂ ಮೂಲ ಅನೇಕ ಸಲ ಅದೇ ಜಾಗತಿಕ ಬಿಕ್ಕಟ್ಟು.

ದುಡಿಮೆಯ ಉಳಿತಾಯವನ್ನು ಊರಿಗೆ ಕಳಿಸಿ ಠೇವಣಿ ಇಡುವವರಿಗೆ ಈ ಮಾತು ಅನ್ವಯಿಸದು. ಅವರನ್ನು ಯಾರೂ ಬಲವಂತವಾಗಿ ಹೊರಹಾಕಲಾರರು, ರೂಪಾಯಿ ಬಿದ್ದರೂ ಕಾಯಬಹುದು. ಸಾಲ ಎತ್ತಿ ಇಡುವವರು ಮಾತ್ರ ಸಹಿ ಹಾಕುವ ಮುಂಚೆ ಕಾಗದದ ಮೇಲೆ ಎರಡು ಅಂಕಿ ಬರೆದುಕೊಳ್ಳಿ. ಎರಡು ಬಡ್ಡಿಗಳ ನಡುವಿನ ವ್ಯತ್ಯಾಸ ಎಷ್ಟೋ, ರೂಪಾಯಿ ವರ್ಷಕ್ಕೆ ಹೆಚ್ಚುಕಡಿಮೆ ಅಷ್ಟು ಬಿದ್ದರೆ ನಿಮ್ಮ ಲಾಭ ಮುಗಿಯಿತು, ಅದು ಮೊದಲನೆಯದು. ರೂಪಾಯಿ ನಾಲ್ಕು ತಿಂಗಳಲ್ಲಿ ಶೇ 20 ಬಿದ್ದು, ಅದೇ ವಾರ ಸಾಲ ಪೂರ್ತಿ ತೀರಿಸಬೇಕಾಗಿ ಬಂದರೆ ಕೈಯಿಂದ ಎಷ್ಟು ಹಾಕಬೇಕು ಎಂಬುದು ಎರಡನೆಯದು. ಆ ಎರಡನೇ ಅಂಕಿಯಷ್ಟು ಹಣ ನಿಮ್ಮ ಹತ್ತಿರ ಬೇರೆಯಾಗಿ ಇಲ್ಲವೆಂದಾದರೆ ಆ ಸಾಲಕ್ಕೆ ಸಹಿ ಹಾಕಬೇಡಿ.